ಇಳಿಯಲಾರದ ಅಂಕಿಯನ್ನು ಗುರಿಯಾಗಿಸಬೇಡಿ

ತ್ರೈಮಾಸಿಕದ ಓಕೆಆರ್, ಅಂದರೆ ತಂಡದ ಉದ್ದೇಶ ಮತ್ತು ಅದು ಈಡೇರಿತೇ ಎಂದು ಅಂಕಿಯಲ್ಲಿ ತೋರಿಸುವ ಕೀ ರಿಸಲ್ಟ್‌ಗಳನ್ನು ಬರೆಯುವಾಗ, ಪ್ರತಿ ಕೀ ರಿಸಲ್ಟ್‌ನ ಮುಂದೆಯೂ ಒಂದು ಪ್ರಶ್ನೆಯನ್ನಿಡಿ: ನಮ್ಮ ಕೆಲಸ ಕೆಟ್ಟರೆ ಈ ಅಂಕಿ ಇಳಿಯುತ್ತದೆಯೇ? ‘ಒಟ್ಟು ನೋಂದಾಯಿತ ಬಳಕೆದಾರರನ್ನು 10,000ದಿಂದ 15,000ಕ್ಕೆ ಏರಿಸುವುದು’ ಎಂಬುದು ಇಲ್ಲಿಯೇ ಸೋಲುತ್ತದೆ. ಬಂದವರೆಲ್ಲ ಮರುದಿನವೇ ಬಿಟ್ಟುಹೋದರೂ ಆ ಮೊತ್ತ ಏರುತ್ತಲೇ ಇರುತ್ತದೆ.

ನಿಮ್ಮದು ಬಿಲ್ಲಿಂಗ್ ತಂತ್ರಾಂಶವೆಂದುಕೊಳ್ಳಿ. ‘ಹೊಸಬರು ದಿನನಿತ್ಯದ ಬಿಲ್ಲಿಂಗ್‌ಗೆ ನಮ್ಮನ್ನೇ ನೆಚ್ಚಿಕೊಳ್ಳಬೇಕು’ ಎಂಬುದು ಉದ್ದೇಶವಾದರೆ, ಒಂದೇ ವಾರದಲ್ಲಿ ಸೇರಿದವರ ಪೈಕಿ ನಾಲ್ಕನೇ ವಾರದಲ್ಲೂ ಕನಿಷ್ಠ ಒಂದು ಬಿಲ್ ಮಾಡಿದವರ ಪ್ರಮಾಣವನ್ನು ಶೇ 20ರಿಂದ ಶೇ 30ಕ್ಕೆ ಒಯ್ಯುವುದು ಸರಿಯಾದ ಅಳತೆ. ಲಾಗಿನ್‌ಗಳನ್ನು ಎಣಿಸಬೇಡಿ, ನೆನಪಿನ ಇಮೇಲ್ ಕಳುಹಿಸಿದರೂ ಅವು ಹೆಚ್ಚುತ್ತವೆ.

ಈ ಪ್ರಮಾಣವನ್ನೂ ವಂಚಿಸಬಹುದು: ನೋಂದಣಿಯನ್ನೇ ಕಷ್ಟಗೊಳಿಸಿದರೆ ಹಟ ಹಿಡಿದವರಷ್ಟೇ ಒಳಬಂದು ಶೇಕಡಾವಾರು ತಾನಾಗಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ‘ವಾರದ ಹೊಸ ನೋಂದಣಿ 300ಕ್ಕಿಂತ ಕೆಳಗಿಳಿಯಬಾರದು’ ಎಂಬ ಕಾವಲು ಅಂಕಿಯನ್ನು ಜೊತೆಗಿಡಿ.

ಹಲವು ತಂಡಗಳು ಎಡವುವುದು ಕ್ಯಾಲೆಂಡರಿನಲ್ಲಿ. 13 ವಾರಗಳ ತ್ರೈಮಾಸಿಕದಲ್ಲಿ ಹತ್ತನೇ ವಾರದ ನಂತರ ಸೇರಿದವರ ನಾಲ್ಕನೇ ವಾರ ಅವಧಿಯೊಳಗೆ ಮುಗಿಯುವುದೇ ಇಲ್ಲ. ಹಾಗಾಗಿ ಮುಖ್ಯ ಬದಲಾವಣೆಗಳು ಆರನೇ ವಾರದೊಳಗೆ ಬಿಡುಗಡೆಯಾಗದಿದ್ದರೆ, ಪರಿಣಾಮವನ್ನು ಅಳೆಯಲು ಒಂದೊಂದು ವಾರ ಸೇರಿದವರ ಸಾಕಷ್ಟು ಗುಂಪುಗಳು ಉಳಿಯುವುದಿಲ್ಲ.