ಜಿರಳೆ, ಇಲಿ ಕಾಟ: ಸ್ಪ್ರೇ ಡಬ್ಬಿ ಎತ್ತುವ ಮೊದಲು

ಅಡುಗೆಮನೆಯಲ್ಲಿ ಸ್ಪ್ರೇ ಹೊಡೆದರೆ ಕಣ್ಣಿಗೆ ಬಿದ್ದ ನಾಲ್ಕು ಜಿರಳೆ ಸಾಯುತ್ತವೆ, ಉಳಿದವು ಇನ್ನೊಂದು ಸಂದಿಗೆ ಓಡುತ್ತವೆ. ಮದ್ದು ಮಾತ್ರ ಕಟ್ಟೆಯ ಮೇಲೆ, ತಟ್ಟೆ ಲೋಟದ ಮೇಲೆ ಕೂರುತ್ತದೆ. ಸಣ್ಣ ಕಂದು ಜಿರಳೆಯ ಹೆಣ್ಣು 30–40 ಮೊಟ್ಟೆಗಳ ಚೀಲವನ್ನು ಮರಿಯಾಗುವವರೆಗೂ ಹೊತ್ತೇ ತಿರುಗುತ್ತದೆ. ಅಂಥವು ಸಂದಿಯಲ್ಲೇ ಅಡಗಿರುತ್ತವೆ, ಸ್ಪ್ರೇ ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೊದಲು ಅವು ಎಲ್ಲಿವೆ ಅಂತ ಹುಡುಕಿ. ರಾತ್ರಿ ಮಲಗುವ ಮೊದಲು ಅಂಟು ಬಲೆಗಳನ್ನು ಇಡಿ: ಸಿಂಕ್ ಕೆಳಗೊಂದು, ಒಲೆಯ ಹಿಂದೊಂದು, ಫ್ರಿಜ್‌ನ ಮೋಟಾರ್ ಪಕ್ಕ ಒಂದು. ಗೋಡೆಗೆ ತಾಗಿಸಿಯೇ ಇಡಬೇಕು, ಜಿರಳೆ ಅಂಚು ಹಿಡಿದೇ ಓಡಾಡುವುದು. ಎರಡು ದಿನ ಬಿಟ್ಟು ನೋಡಿ. ಸಿಂಕ್ ಬಲೆಯಲ್ಲಿ ದೊಡ್ಡವು ಒಂದೆರಡು, ಫ್ರಿಜ್ ಬಲೆಯಲ್ಲಿ ರೆಕ್ಕೆಯಿಲ್ಲದ ಪುಟಾಣಿ ಮರಿಗಳು ರಾಶಿ ಇವೆ ಅನ್ನಿ. ಮರಿಗಳು ಜಾಸ್ತಿ ದೂರ ಹೋಗುವುದಿಲ್ಲ, ಹಾಗಾಗಿ ಗೂಡು ಫ್ರಿಜ್ ಹತ್ತಿರವೇ ಇದೆ. ಸಿಂಕ್‌ಗೆ ಬಂದವು ನೀರಿಗೆ ಬಂದವು. ನಲ್ಲಿ ಸೋರಿಕೆ ನಿಲ್ಲಿಸಿ, ರಾತ್ರಿ ಸಿಂಕ್ ಒರೆಸಿ ಒಣಗಿಸಿ.

ಇನ್ನು ಜಿರಳೆ ತಿಂದು ಸಾಯುವ ಜೆಲ್. ಇದೂ ವಿಷವೇ, ಆದರೆ ಇಟ್ಟಲ್ಲೇ ಇರುತ್ತದೆ, ಹಾರಿ ಪಾತ್ರೆಗೆ ಬೀಳುವುದಿಲ್ಲ. ಫ್ರಿಜ್ ಹಿಂಬದಿಯ ಕೆಳ ಅಂಚು, ಕಬೋರ್ಡ್ ಬಾಗಿಲಿನ ಕೀಲು, ಪೈಪ್ ಗೋಡೆ ಹೊಕ್ಕುವ ಸಂದಿ, ಇಂಥ ಕಡೆ ಸಣ್ಣ ಸಣ್ಣ ಚುಕ್ಕಿ ಇಡಿ. ಒಂದೇ ಕಡೆ ದೊಡ್ಡ ಮುದ್ದೆ ಬೇಡ. ಪಾತ್ರೆ ಇಡುವ ಶೆಲ್ಫ್, ಕಟ್ಟೆ, ಮಕ್ಕಳ ಕೈಗೆ ಸಿಗುವ ಜಾಗ ಪೂರ್ತಿ ಬಿಟ್ಟುಬಿಡಿ. ಜೆಲ್ ತಿಂದ ಜಿರಳೆಯ ಹಿಕ್ಕೆ ತಿಂದು ಮರಿಗಳೂ ಸಾಯುತ್ತವೆ, ಆದ್ದರಿಂದ ತಾಳ್ಮೆ ಇರಲಿ. ಜೆಲ್ ಹಾಕಿದ ಮೇಲೆ ಪಕ್ಕದಲ್ಲೇ ಸ್ಪ್ರೇ ಹೊಡೆಯುವುದು ಎಲ್ಲರೂ ಮಾಡುವ ಎಡವಟ್ಟು. ಸ್ಪ್ರೇ ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ! ಎರಡು ಮೂರು ವಾರ ಬಿಟ್ಟು ಮತ್ತೆ ಅಂಟು ಬಲೆ ಇಡಿ. ಮರಿಗಳು ಇನ್ನೂ ಬಿದ್ದರೆ, ಒಣಗಿದ ಚುಕ್ಕಿ ಕೆರೆದು ಹೊಸದು ಇಡಿ.

ಇಲಿಗೆ ಅಡುಗೆಮನೆಯಲ್ಲಿ ಪಾಷಾಣ ಬೇಡವೇ ಬೇಡ. ತಿಂದ ಇಲಿ ಎಲ್ಲೋ ಗೋಡೆಯೊಳಗೆ ಸತ್ತು ನಾರುತ್ತದೆ. ತೂತು ಮುಚ್ಚುವುದೇ ನಿಜವಾದ ಕೆಲಸ. ಪೆನ್ಸಿಲ್ ತೂರುವಷ್ಟು ಜಾಗ, ಅಂದರೆ ಸುಮಾರು 6 ಮಿ.ಮೀ., ಸಣ್ಣ ಇಲಿಗೆ ಸಾಕು. ಬರೀ ಫೋಮ್ ತುಂಬಿದರೆ ಕಡಿದು ಹಾಕುತ್ತದೆ. ಸ್ಟೀಲ್ ವೂಲ್, ಅಂದರೆ ಉಕ್ಕಿನ ನಾರಿನ ಉಂಡೆಯನ್ನು ಗಟ್ಟಿಯಾಗಿ ತುರುಕಿ, ಮೇಲೆ ಸಿಮೆಂಟ್ ಮೆತ್ತಿ. ಒಳಗೇ ಉಳಿದದ್ದಕ್ಕೆ ಸ್ಪ್ರಿಂಗ್ ಬಲೆ, ತಿನಿಸಿನ ತುದಿ ಗೋಡೆಯ ಕಡೆಗೆ. ದೊಡ್ಡ ಇಲಿಗೆ ಹೊಸ ವಸ್ತು ಅಂದರೆ ಅನುಮಾನ. ಅದಕ್ಕೇ ಎರಡು ಮೂರು ದಿನ ಬಲೆ ಹೂಡದೆ ಸುಮ್ನೆ ತಿನಿಸು ಇಟ್ಟು, ಆಮೇಲೆ ಹೂಡಿ.

ಇಲಿಯ ಹಿಕ್ಕೆ ಕಂಡರೆ ಒಣ ಪೊರಕೆಯಲ್ಲಿ ಗುಡಿಸಬೇಡಿ, ದೂಳು ಏಳುತ್ತದೆ. ಕೈಗವಸು ಹಾಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯನ್ನು ನೆನೆಸಿ, ಐದು ನಿಮಿಷ ಬಿಟ್ಟು ಕಾಗದದಲ್ಲಿ ಒರೆಸಿ ಎಸೆಯಿರಿ. ಹಿಕ್ಕೆ ಬಿದ್ದ ಶೆಲ್ಫ್‌ನಲ್ಲಿದ್ದ ಪಾತ್ರೆಗಳನ್ನು ಸೋಪು, ಬಿಸಿನೀರಲ್ಲಿ ತೊಳೆದೇ ಬಳಸಿ.