ಕಿತ್ತೂರಿನ ಕಥೆಗೆ ಬೇಕಾದ ಕೆಂಪು

1824ರ ಕಿತ್ತೂರಿನ ಹಿನ್ನೆಲೆಯ ಚಿತ್ರವೊಂದಕ್ಕೆ ವಸ್ತ್ರವಿನ್ಯಾಸ ಮಾಡಲು ಒಪ್ಪಿಕೊಂಡಾಗ, ಯಾವ ಬಣ್ಣಗಳನ್ನು ಬಳಸಬಾರದು ಎಂಬುದನ್ನು ನಾನು ಮೊದಲು ಗೊತ್ತುಮಾಡಿಕೊಂಡೆ. ವಿಲಿಯಂ ಪರ್ಕಿನ್ ಮೊದಲ ಕೃತಕ ಬಟ್ಟೆಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ. ಆದ್ದರಿಂದ ಇಂದಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಣ್ಣುಕೋರೈಸುವ ಗುಲಾಬಿ, ನೇರಳೆ, ಗಿಳಿಹಸಿರುಗಳಿಗೆ ಈ ಕಥೆಯಲ್ಲಿ ಜಾಗವಿರಲಿಲ್ಲ. ಉಳಿದದ್ದು ನೀಲಿಗಿಡ, ಅರಿಸಿನ, ದಾಳಿಂಬೆ ಸಿಪ್ಪೆ, ಮಂಜಿಷ್ಠಗಳಿಂದ ಬರುವ ಬಣ್ಣಗಳು. ಅವುಗಳಲ್ಲಿ ನನ್ನ ಗಮನವನ್ನೆಲ್ಲ ಹಿಡಿದದ್ದು ಕೆಂಪು.

ಬ್ರಿಟಿಷ್ ಪಡೆಯ ಕೆಂಪು ಕೋಟನ್ನು ನಮ್ಮ ಚಿತ್ರಗಳಲ್ಲಿ ಎಲ್ಲರಿಗೂ ಒಂದೇ ಥಾನಿನಿಂದ ಹೊಲಿಸುವುದು ರೂಢಿ. ಆ ಕಾಲದಲ್ಲಿ ಅಧಿಕಾರಿಗಳ ಕೋಟಿಗೆ ಕೊಚಿನೀಲ್ ಕೀಟದಿಂದ ತೆಗೆದ ದುಬಾರಿಯಾದ ಉಜ್ಜ್ವಲ ಕೆಂಪನ್ನೂ, ಸಾಮಾನ್ಯ ಸೈನಿಕರ ಕೋಟಿಗೆ ಮಂಜಿಷ್ಠದ ಜಾತಿಯ ಬೇರಿನಿಂದ ಬರುವ ಇಟ್ಟಿಗೆಯಂಥ ಅಗ್ಗದ ಕೆಂಪನ್ನೂ ಬಳಸುತ್ತಿದ್ದರು. ನಾನು ಎರಡನ್ನೂ ಬೇರೆ ಬೇರೆಯಾಗಿ ಹಾಕಿಸಿದ್ದರಿಂದ, ದೂರದ ದೃಶ್ಯದಲ್ಲೂ ಯಾರು ಆಜ್ಞೆ ಕೊಡುವವರು, ಯಾರು ನಡೆಯುವವರು ಎಂಬುದು ಸಂಭಾಷಣೆಯಿಲ್ಲದೆ ತಿಳಿಯುತ್ತಿತ್ತು.

ನಾಯಕಿ ಕೋಟೆಯ ಕಾವಲುಗಾರನ ಹೆಂಡತಿ. ಅವಳಿಗೆ ಇಳಕಲ್ ಮಾದರಿಯಲ್ಲಿ, ಒಡಲು ಹತ್ತಿಯದು ಮತ್ತು ಸೆರಗು ರೇಷ್ಮೆಯದು ಇರುವ ಸೀರೆಯನ್ನು ನೇಯಿಸಿದೆ. ಕೃತಕ ರೇಷ್ಮೆ ಬೆಳಕಿಗೆ ಗಾಜಿನಂತೆ ಮಿನುಗುವುದರಿಂದ ಅದನ್ನು ಹತ್ತಿರ ಸೇರಿಸಲಿಲ್ಲ. ಒಡಲಿನ ನೂಲನ್ನು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಮಂಜಿಷ್ಠದ ಕಷಾಯದಲ್ಲಿ ಕುದಿಯಲು ಬಿಡದೆ ಹದವಾದ ಬಿಸಿಯಲ್ಲೇ ಇಟ್ಟೆವು, ಏಕೆಂದರೆ ಶಾಖ ಏರಿದರೆ ಬೇರಿನ ಕಂದು ಬಣ್ಣ ಹೊರಬಂದು ಕೆಂಪು ಮಂಕಾಗುತ್ತದೆ. ಪಾತ್ರೆಯೂ ಕಬ್ಬಿಣದ್ದಾಗಿರಬಾರದು. ಕಬ್ಬಿಣ ಸೋಕಿದರೆ ಬಣ್ಣ ಕಪ್ಪಾದ ನೇರಳೆಗೆ ತಿರುಗುತ್ತದೆ. ಯುದ್ಧದ ನಂತರದ ದೃಶ್ಯಗಳ ಸೀರೆಗೆ ಈ ಗುಣವೇ ನೆರವಾಯಿತು: ಕಬ್ಬಿಣದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದೇ ಸೀರೆ ಹೊಳಪನ್ನು ಕಳೆದುಕೊಂಡು ಶೋಕಕ್ಕೆ ಒಗ್ಗಿಕೊಂಡಿತು.

ಒಂದೇ ಸೀರೆಯ ಮೂರು ಪ್ರತಿಗಳನ್ನು ಮಾಡಿಸಿದ್ದೆವು. ಹಳತಾಗಿಸುವಾಗ ಮೈತುಂಬ ಕೊಳೆ ಬಳಿಯುವುದು ಸುಲಭ, ಆದರೆ ನೋಡಿದೊಡನೆ ಸುಳ್ಳೆನಿಸುತ್ತದೆ. ಅವಳು ಕೊಡವನ್ನು ಎಡಸೊಂಟಕ್ಕೆ ಇಟ್ಟುಕೊಳ್ಳುವವಳಾದ್ದರಿಂದ ಅಲ್ಲಿ ಉಜ್ಜುಗಲ್ಲಿನಿಂದ ತಿಕ್ಕಿ ನೂಲನ್ನು ಸವೆಸಿದೆವು. ಕಚ್ಚೆಯ ಮಡಿಕೆಗಳ ಹೊರ ಅಂಚನ್ನು ಬಿಸಿಲಿಗೆ ಒಡ್ಡಿ ಬಿಳಿಚಿಸಿ, ಒಳಮಡಿಕೆಯ ಬಣ್ಣವನ್ನು ಹಾಗೆಯೇ ಉಳಿಸಿದೆವು.

ಕೊನೆಯ ನಿರ್ಧಾರ ಕ್ಯಾಮೆರಾದ ಮುಂದೆಯೇ ಆಗಬೇಕು. ಎಣ್ಣೆದೀಪದ ಬೆಳಕಿನಲ್ಲಿ ಮಂಜಿಷ್ಠದ ಕೆಂಪು ಕಿತ್ತಳೆಗೆ ವಾಲುತ್ತದೆ, ನೀಲಿ ಕಪ್ಪಿನಂತೆ ಕಾಣುತ್ತದೆ. ಅದಕ್ಕಾಗಿ ರಾತ್ರಿಯ ದೃಶ್ಯಗಳ ಗಂಡಸರ ಅಂಗಿಗಳಿಗೆ ಒಂದು ಅದ್ದು ಕಡಿಮೆ ಹಾಕಿಸಿದ ತಿಳಿನೀಲಿಯನ್ನೇ ಆರಿಸಿದೆ. ಗುಂಪಿನಲ್ಲಿ ನಿಲ್ಲುವವರ ಬಟ್ಟೆಗೆ ಸಸ್ಯದ ಬಣ್ಣ ಹಾಕಿಸುವಷ್ಟು ಹಣವೂ ಸಮಯವೂ ಇರಲಿಲ್ಲವಾದ್ದರಿಂದ, ಅವರಿಗೆ ರಾಸಾಯನಿಕ ಬಣ್ಣವನ್ನೇ ಹಾಕಿಸಿ ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಮಂಕಾಗಿಸಿದೆವು.