ಮಾಡಿದ್ದಲ್ಲ, ತಿಂದದ್ದು ಹೇಳಿ

ಲಗ್ಗೆರೆಯ ಒಂದು ಸ್ತ್ರೀಶಕ್ತಿ ಸಂಘದವರು ನನ್ನನ್ನು ಕರೆದಿದ್ದು ಒಂದು ಪುಡಿಯ ವಿಚಾರ ಕೇಳೋದಕ್ಕೆ. ಟೀವಿಯಲ್ಲಿ ತೋರಿಸುವ ಶಕ್ತಿಯ ಪುಡಿಯನ್ನು ಸಂಘದ ಲೆಕ್ಕದಲ್ಲಿ ಒಟ್ಟಿಗೆ ತರಿಸಿದರೆ ಡಬ್ಬಕ್ಕೆ ಇಷ್ಟು ಕಡಿಮೆ ಆಗುತ್ತಂತೆ, ತಗೋಬಹುದಾ ಅಂತ. ಹದಿನೆಂಟು ಜನ. ಅರ್ಧದಷ್ಟು ಮಂದಿ ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲೇ ಹೊಲಿಗೆ ಹಾಕುವವರು, ಉಳಿದವರು ಊದುಬತ್ತಿ, ಹೂವು, ಎರಡು ಮೂರು ಮನೆ ಕೆಲಸ. ಎಲ್ಲರದೂ ಒಂದೇ ದೂರು: ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಕೈಕಾಲು ಬಿದ್ದುಹೋಗುತ್ತೆ.

ಮೊದಲ ಸಲ ಹೋದಾಗ ನಾನು ಆಸ್ಪತ್ರೆಯಲ್ಲಿ ಬಳಸುವ ಬಣ್ಣದ ತಟ್ಟೆಯ ಚಾರ್ಟ್ ತಗೊಂಡು ಹೋಗಿದ್ದೆ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಕಾಳು ಅಂತೆಲ್ಲ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಉಳಿತಾಯದ ಪುಸ್ತಕಕ್ಕೆ ಸಹಿ ಹಾಕಿದರು, ಹೊರಡುವಾಗ ಮತ್ತೆ ಅದೇ ಪುಡಿಯ ಪ್ರಶ್ನೆ ಕೇಳಿದರು. ನನ್ನ ಮಾತು ಯಾರಿಗೂ ತಟ್ಟಿಲ್ಲ ಅಂತ ಆಗಲೇ ಗೊತ್ತಾಯಿತು.

ಎರಡನೇ ಸಲ ಚಾರ್ಟ್ ಮನೆಯಲ್ಲೇ ಬಿಟ್ಟೆ. "ಯಾರಾದರೂ ಒಬ್ಬರು ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನು ತಿಂದ್ರಿ ಅಂತ ಹೇಳಿ" ಅಂದೆ. ಹೂ ಕಟ್ಟುವ ಒಬ್ಬ ಅಕ್ಕ ಶುರು ಮಾಡಿದರು: ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ಬೇಳೆಸಾರು, ಬೀನ್ಸ್ ಪಲ್ಯ, ರಾತ್ರಿ ಮುದ್ದೆ, ಸೊಪ್ಪಿನ ಸಾರು. ಕೇಳೋದಕ್ಕೆ ಚೆನ್ನಾಗೇ ಇದೆ. ಪಕ್ಕದಲ್ಲಿ ಕೂತಿದ್ದ ಅವರ ಓರಗಿತ್ತಿ ನಕ್ಕುಬಿಟ್ಟರು. "ಅಕ್ಕ, ಅದು ನೀವು ಮಾಡಿದ್ದು. ತಿಂದಿದ್ದು ಹೇಳಿ ಅಂತಿದಾರೆ ಮೇಡಂ."

ನಮ್ಮ ವೃತ್ತಿಯಲ್ಲಿ ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಊಟ ಬರೆದುಕೊಳ್ಳುವುದು ದಿನನಿತ್ಯದ ಕೆಲಸ. ಆದರೂ ಹೆಂಗಸರು ಅಡುಗೆಯನ್ನೇ ಊಟ ಅಂತ ಹೇಳುತ್ತಾರೆ ಅನ್ನೋದು ಆ ಓರಗಿತ್ತಿ ನಗುವವರೆಗೆ ನನಗೆ ಹೊಳೆದಿರಲಿಲ್ಲ.

ಮತ್ತೆ ಕೇಳಿದಾಗ ಬಂದ ಲೆಕ್ಕ ಇದು. ಗಂಡ ಕೆ.ಆರ್. ಮಾರ್ಕೆಟ್‌ನಿಂದ ಹೂ ತರುವ ಹೊತ್ತಿಗೆ, ಐದೂವರೆಗೆ, ಒಂದು ಟೀ. ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೆ ಇನ್ನೊಂದು. ಹನ್ನೊಂದಕ್ಕೆ ಸ್ನಾನ, ಪೂಜೆ ಮುಗಿಸಿ ತಳದಲ್ಲಿ ಉಳಿದ ಚಿತ್ರಾನ್ನ ಒಂದು ಸಣ್ಣ ತಟ್ಟೆ, ಜೊತೆಗೆ ಟೀ. ಪಲ್ಯ ಮಕ್ಕಳ ಡಬ್ಬಿಗೆ ಹೋಗಿತ್ತು. ಮೂರಕ್ಕೆ ಅನ್ನ, ಸಾರು, ಕೈತೊಳೆದ ಕೂಡಲೇ ಟೀ. ರಾತ್ರಿ ಹತ್ತಕ್ಕೆ ಅರ್ಧ ಮುದ್ದೆ, ಸ್ವಲ್ಪ ಅನ್ನ. ಸೊಪ್ಪನ್ನು ಅತ್ತೆಗೂ ಗಂಡನಿಗೂ ಬಡಿಸಿದ್ದಾಗಿತ್ತು, ಇವರಿಗೆ ಉಳಿದದ್ದು ತಿಳಿ.

ರಾತ್ರಿ ಹತ್ತರಿಂದ ಬೆಳಗ್ಗೆ ಹನ್ನೊಂದು ಅಂದರೆ ಹದಿಮೂರು ಗಂಟೆ. ಅಷ್ಟು ಹೊತ್ತು ಹೊಟ್ಟೆಗೆ ಸಕ್ಕರೆ ಹಾಕಿದ ಟೀ ಬಿಟ್ಟರೆ ಏನೂ ಇಲ್ಲ. ಮನೆಯ ಭಾರದ ಕೆಲಸವೆಲ್ಲ, ನೀರು ಹಿಡಿಯೋದು, ಬಟ್ಟೆ ಒಗೆಯೋದು, ಎರಡು ಹೊತ್ತಿನ ಅಡುಗೆ, ಆ ಹದಿಮೂರು ಗಂಟೆಯ ಕೊನೆಯ ಭಾಗದಲ್ಲೇ ಆಗಿಹೋಗುತ್ತೆ.

ಆಮೇಲೆ ಸಾರಿನ ಪಾತ್ರೆಗೆ ಬಂದೆವು. "ಐದು ಜನಕ್ಕೆ ಬೇಳೆ ಎಷ್ಟು ಹಾಕ್ತೀರಾ?" "ಅರ್ಧ ಪಾವು." ಅವರ ಮನೆಯಿಂದಲೇ ಪಾವು ತರಿಸಿ ತೂಗಿದೆವು, ಅರ್ಧ ಪಾವು ತೊಗರಿಬೇಳೆ ನೂರು ಗ್ರಾಮಿನ ಆಸುಪಾಸು. ಸಮನಾಗಿ ಹಂಚಿದರೂ ತಲೆಗೆ ಇಪ್ಪತ್ತು ಗ್ರಾಂ, ಅದರಲ್ಲಿ ಪ್ರೋಟೀನು ನಾಲ್ಕು ಗ್ರಾಮಿನ ಮೇಲೆ ಚೂರು. ಸಮನಾಗಿ ಹಂಚೋದೂ ಇಲ್ಲ ಅನ್ನೋದು ಬೇರೆ ಮಾತು. ಐವತ್ತೈದು ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು. ಆ ಅಕ್ಕನ ಅನ್ನ, ಮುದ್ದೆ, ಬೇಳೆ, ಟೀಗೆ ಹಾಕಿದ ಹಾಲು ಎಲ್ಲ ಸೇರಿಸಿದರೆ ಮೂವತ್ತು ದಾಟಲಿಲ್ಲ. ಅದರಲ್ಲೂ ಹೆಚ್ಚಿನ ಪಾಲು ಅಕ್ಕಿಯದ್ದು.

ಕೊರತೆ ಹದಿನೈದು, ಹದಿನಾರು ಗ್ರಾಂ. ಇದನ್ನು ಯಾವುದರಿಂದ ತುಂಬೋದು ಅಂತ ನಾನು ಹೇಳಲಿಲ್ಲ, ಗಲ್ಲಿಯ ಅಂಗಡಿಯ ಬೆಲೆ ಹೇಳಿ ಅಂದೆ. ಅವರೇ ಹಾಕಿದ ಲೆಕ್ಕ: ಒಂದು ಮೊಟ್ಟೆ ಏಳು ರೂಪಾಯಿ, ಆರು ಗ್ರಾಂ ಪ್ರೋಟೀನು. ಕಡ್ಲೆಕಾಯಿಬೀಜ ಒಂದು ಸಣ್ಣ ಹಿಡಿ, ಇಪ್ಪತ್ತೈದು ಗ್ರಾಂ, ನಾಲ್ಕು ರೂಪಾಯಿ, ಅದರಲ್ಲೂ ಆರು ಗ್ರಾಂ. ಹುರುಳಿಕಾಳು ಮೂವತ್ತು ಗ್ರಾಂ, ಮೂರು ರೂಪಾಯಿ, ಆರಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು ಹದಿನಾಲ್ಕು ರೂಪಾಯಿ. ಮೊಟ್ಟೆ ತಿನ್ನದವರು ಒಂದು ಹಿಡಿ ಹುರಿಗಡಲೆ ಹಾಕಿಕೊಂಡರೆ ಆಯಿತು. ಪುಡಿಯ ಡಬ್ಬದ ಹಿಂದೆ ಬರೆದಿದ್ದನ್ನು ಓದಿಸಿದೆ. ಎರಡು ಚಮಚಕ್ಕೆ ಎಷ್ಟು ಪ್ರೋಟೀನು ಅಂತ ನೋಡಿ ಒಬ್ಬರು "ಇಷ್ಟೇನಾ, ಇದಕ್ಕಿಂತ ಕಡ್ಲೆಕಾಯಿಬೀಜವೇ ವಾಸಿ" ಅಂದರು. ಪುಡಿಯ ವಿಚಾರ ಅಲ್ಲಿಗೆ ನಿಂತಿತು.

ಕಷ್ಟವಾಗಿದ್ದು ಹೊತ್ತಿನ ವಿಚಾರ. ಎಂಟು ಗಂಟೆಗೆ ಮುಂಚೆ ಏನಾದರೂ ತಿನ್ನಿ ಅಂದರೆ, "ಸ್ನಾನ ಪೂಜೆ ಆಗದೆ ಬಾಯಿಗೆ ಏನೂ ಹಾಕಲ್ಲ ಮೇಡಂ." ಟೀ ಕುಡೀತೀರಲ್ಲ, ಟೀಗೆ ಮಡಿ ಇಲ್ವಾ ಅಂತ ನಾಲಿಗೆ ತುದಿಗೆ ಬಂದಿತ್ತು. ನಾನು ನುಂಗಿಕೊಂಡೆ, ಅಲ್ಲೇ ಕೂತಿದ್ದ ವಯಸ್ಸಾದ ಅಮ್ಮನೊಬ್ಬರು ಕೇಳೇಬಿಟ್ಟರು! ಸ್ವಲ್ಪ ಹೊತ್ತು ಗಲಾಟೆಯಾಗಿ ಒಂದು ದಾರಿ ಹುಟ್ಟಿತು: ಕುಡಿಯೋದಕ್ಕೆ ಅಡ್ಡಿ ಇಲ್ಲವಾದ್ದರಿಂದ ರಾಗಿ ಅಂಬಲಿ. ಎರಡು ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ರಾತ್ರಿ ಕಡೆಯ ಒಲೆಯಲ್ಲೇ ಕಾಯಿಸಿಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು ಹಾಕಿ ಕುಡಿಯೋದು. ಬೆಲ್ಲ ಬೇಡ ಅಂದೆ, ಗುಂಪಿನಲ್ಲಿ ನಾಲ್ವರಿಗೆ ಸಕ್ಕರೆ ಕಾಯಿಲೆ ಇತ್ತು. ಅಂಬಲಿಯಿಂದ ಹೊಟ್ಟೆ ತುಂಬಿಬಿಡುತ್ತೆ ಅಂತಲ್ಲ, ತಿಂಡಿವರೆಗೆ ಹೇಗೋ ಸಾಗುತ್ತೆ. ಆ ಕಡ್ಲೆಕಾಯಿಬೀಜ ಮಾತ್ರ ಪೂಜೆಯಾದ ಮೇಲೇ.

ಟೀ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ, ಹೇಳಿದರೆ ಮುಂದಿನ ಸಲ ಯಾರೂ ಬರಲ್ಲ. ಊಟದ ಪಕ್ಕದಿಂದ ಟೀಯನ್ನು ಸರಿಸಬೇಕು ಅಷ್ಟೇ. ಅದಕ್ಕೊಂದು ಪ್ರಯೋಗ ತೋರಿಸಿದೆ. ಕಬ್ಬಿಣಾಂಶದ ಒಂದು ಮಾತ್ರೆಯ ಮೇಲಿನ ಬಣ್ಣ ಕೆರೆದು, ಪುಡಿ ಮಾಡಿ, ಅರ್ಧ ಲೋಟ ನೀರಿಗೆ ಹಾಕಿ, ಅದಕ್ಕೆ ಹಾಲಿಲ್ಲದ ಗಟ್ಟಿ ಡಿಕಾಕ್ಷನ್ ಸುರಿದೆ. ನೋಡ್ತಾ ನೋಡ್ತಾ ಶಾಯಿಯ ಹಾಗೆ ಕಪ್ಪಾಯಿತು. "ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗಲ್ವಾ, ಹಂಗೇ" ಅಂದರು ಆ ವಯಸ್ಸಾದ ಅಮ್ಮ. ನಿಜವಾಗಿ ಅದೇ. ಬಾಳೆಕಾಯಿಯ ಒಗರು, ಟೀಯ ಒಗರು ಒಂದೇ ಜಾತಿ, ಕಬ್ಬಿಣ ಕಂಡರೆ ಹಿಡಿದುಕೊಳ್ಳುತ್ತವೆ. ಸೊಪ್ಪು, ಕಾಳಿನ ಕಬ್ಬಿಣಾಂಶ ಹಾಗೆ ಸಿಕ್ಕಿಕೊಂಡರೆ ರಕ್ತಕ್ಕೆ ಸೇರೋದು ಅರ್ಧಕ್ಕಿಂತ ಕಡಿಮೆಯೂ ಆಗಬಹುದು. ಊಟಕ್ಕೂ ಟೀಗೂ ಮಧ್ಯೆ ಒಂದು ಗಂಟೆ ಇದ್ದರೆ ಸಾಕು. ಊಟದಲ್ಲಿ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಇದರ ಉಲ್ಟಾ, ಕಬ್ಬಿಣಾಂಶ ಸುಲಭವಾಗಿ ಸೇರುತ್ತೆ. ಹಿಂಡೋದು ತಟ್ಟೆಗೆ, ಕುದಿಯುವ ಸಾರಿಗಲ್ಲ. ರಕ್ತ ಹೆಚ್ಚಲಿ ಅಂತ ಇವರೆಲ್ಲ ಬೀಟ್‌ರೂಟು, ದಾಳಿಂಬೆಗೆ ದುಡ್ಡು ಸುರಿಯುತ್ತಿದ್ದರು. ಎರಡರ ಬಣ್ಣ ಮಾತ್ರ ಕೆಂಪು, ಕಬ್ಬಿಣಾಂಶ ತೀರಾ ಕಡಿಮೆ. ಅದೇ ದುಡ್ಡಿಗೆ ದಂಟಿನ ಸೊಪ್ಪು, ಹುರುಳಿ ಬರುತ್ತೆ.

ಹುರುಳಿ ಅಂದ ಕೂಡಲೇ "ಉಷ್ಣ" ಅಂತ ತಕರಾರು ಬಂತು. ನಾನು ವಾದಕ್ಕೆ ಇಳಿಯಲಿಲ್ಲ. ಬಸ್ಸಾರಿಗೆ ಮೊಳಕೆ ಕಟ್ಟಿದ ಹುರುಳಿ ಹಾಕಿ, ಜೊತೆಗೆ ಮಜ್ಜಿಗೆ ಇರಲಿ ಅಂದೆ, ಒಪ್ಪಿದರು. ಬಸ್ಸಾರು ನಿಜಕ್ಕೂ ಈ ಕೆಲಸಕ್ಕೇ ಹುಟ್ಟಿದ ಅಡುಗೆ. ಬೆಂದ ಕಾಳು ಸೊಪ್ಪನ್ನು ಬಸಿದು ಪಲ್ಯ, ಬಸಿದ ನೀರೇ ಸಾರು, ಏನೂ ಚರಂಡಿಗೆ ಹೋಗಲ್ಲ. ಮೊಳಕೆಯಲ್ಲಿ ಒಂದು ಎಚ್ಚರ: ಏಪ್ರಿಲ್, ಮೇ ಸೆಕೆಗೆ ಒದ್ದೆ ಬಟ್ಟೆಯೊಳಗೆ ರಾತ್ರಿಯಿಡೀ ಬಿಟ್ಟರೆ ಲೋಳೆಯಾಗುತ್ತೆ. ಮುಟ್ಟಿದರೆ ಜಾರಿದರೆ, ಹುಳಿವಾಸನೆ ಬಂದರೆ ಎಸೆಯಬೇಕು. ಮೊಳಕೆ ಅಕ್ಕಿಯಷ್ಟು ಉದ್ದ ಬಂದರೆ ಸಾಕು, ಬೇಯಿಸಿಯೇ ತಿನ್ನಬೇಕು. ಇನ್ನು ಬಡಿಸುವ ವಿಚಾರದಲ್ಲಿ ನಾನು ಹೇಳಿದ್ದು ಒಂದೇ: ಒಲೆಯಿಂದ ಇಳಿಸಿದ ಕೂಡಲೇ ನಿಮ್ಮ ಪಾಲಿನ ಎರಡು ಸೌಟು ಕಾಳು ಬೇರೆ ಬಟ್ಟಲಿಗೆ ತೆಗೆದು ಮುಚ್ಚಿಡಿ. ಕೊನೆಗೆ ಉಳಿದರೆ ತಿಂತೀನಿ ಅಂದುಕೊಂಡರೆ ಉಳಿಯಲ್ಲ.

ಮೂರು ವಾರಕ್ಕೆ ಹೂ ಕಟ್ಟುವ ಅಕ್ಕ ಹೇಳಿದ್ದು: ಬೆಳಗ್ಗೆ ಹೊಟ್ಟೆ ಸಂಕಟ ನಿಂತಿದೆ, ಹನ್ನೊಂದರ ತಲೆನೋವು ನಿಂತಿದೆ, ನಾಲ್ಕು ಗಂಟೆಯ ಸುಸ್ತು ಮಾತ್ರ ಹಾಗೇ ಇದೆ, ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿತ್ತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2. ಹೆಂಗಸರಿಗೆ ಕನಿಷ್ಠ 12 ಇರಬೇಕು. ಇಷ್ಟು ಇಳಿದ ಮೇಲೆ ಹುರುಳಿ, ಸೊಪ್ಪು, ನಿಂಬೆಯಿಂದ ಮೇಲೆತ್ತಲು ಆಗಲ್ಲ, ಮಾತ್ರೆ ಬೇಕೇ ಬೇಕು. ಡಾಕ್ಟರು ಮುಟ್ಟಿನ ವಿಚಾರ ಕೇಳಿದಾಗ ಗೊತ್ತಾಯಿತು, ಎಂಟು ದಿನ, ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಎರಡು ವರ್ಷದಿಂದ ಹೀಗೇ, ಯಾರಿಗೂ ಹೇಳಿರಲಿಲ್ಲ. ಊಟದ ಪ್ರಶ್ನೆಗಳನ್ನೆಲ್ಲ ಕೇಳಿದ ನಾನೂ ಇದನ್ನು ಕೇಳಿರಲಿಲ್ಲ. ಈಗ ಯಾವ ಗುಂಪಿಗೆ ಹೋದರೂ ಪಾವು ತರಿಸುವ ಮುಂಚೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಇದನ್ನೇ ಮೊದಲು ಕೇಳುತ್ತೇನೆ.

ಸ್ಕ್ಯಾನಿಂಗ್, ಔಷಧಿ ಆಸ್ಪತ್ರೆಯಲ್ಲಿ ನಡೆಯಿತು. ಕಬ್ಬಿಣದ ಮಾತ್ರೆ ಶುರುವಾದ ವಾರಕ್ಕೇ ನಿಲ್ಲಿಸಿದ್ದರು, ಮಲ ಕಪ್ಪಗೆ ಹೋಗುತ್ತೆ, ವಾಕರಿಕೆ ಅಂತ. ಕಪ್ಪಗಾಗೋದು ಮಾತ್ರೆಯಿಂದಲೇ, ಹೆದರಬೇಡಿ ಅಂದೆ. ವಾಕರಿಕೆಗೆ ಡಾಕ್ಟರನ್ನು ಕೇಳಿ ರಾತ್ರಿ ಊಟವಾದ ಸ್ವಲ್ಪ ಹೊತ್ತಿಗೆ, ಹಾಲು ಟೀ ಯಾವುದೂ ಜೊತೆಗಿಲ್ಲದೆ, ತಗೊಳ್ಳೋಕೆ ಶುರುಮಾಡಿದರು. ಎರಡು ತಿಂಗಳಿಗೆ 11.1. ಮಾತ್ರೆ ಇನ್ನೂ ನಿಲ್ಲಿಸಿಲ್ಲ, 12 ಮುಟ್ಟಿದ ಮೇಲೂ ಕೆಲವು ತಿಂಗಳು ತಗೊಂಡರೇ ಒಳಗಿನ ದಾಸ್ತಾನು ತುಂಬೋದು.

ಸಂಘದವರು ಪುಡಿಗೆ ಇಟ್ಟಿದ್ದ ದುಡ್ಡಲ್ಲಿ ಯಶವಂತಪುರ ಯಾರ್ಡ್‌ನಿಂದ ಹುರುಳಿ, ಕಡ್ಲೆಕಾಯಿಬೀಜ ಮೂಟೆಯಲ್ಲಿ ತಂದು ಹಂಚಿಕೊಂಡರು. ಮೊದಲ ಸಲ ಕಡ್ಲೆಕಾಯಿಬೀಜ ಮೂವತ್ತು ಕೆಜಿ ತಂದು, ಮಳೆಗಾಲದಲ್ಲಿ ಅಂಗನವಾಡಿಯ ಮೂಲೆಯಲ್ಲಿಟ್ಟು, ಕಾಲುಭಾಗ ಬೂಷ್ಟು ಹಿಡಿಸಿದರು. ತೊಳೆದು ಹುರಿದರೆ ಆಗಲ್ವಾ ಅಂತ ಫೋನ್ ಮಾಡಿದರು. ಬೂಷ್ಟಿನ ವಿಷ ಹುರಿದರೂ ಹೋಗಲ್ಲ, ಸುಕ್ಕಿದ್ದು, ಕಹಿಯಾದದ್ದು, ಬಣ್ಣ ಕೆಟ್ಟದ್ದು ಎಲ್ಲ ಎಸೆಯಿರಿ, ದನಕ್ಕೂ ಹಾಕಬೇಡಿ ಅಂದೆ. ಈಗ ಹತ್ತು ಕೆಜಿ ಮಾತ್ರ ತರುತ್ತಾರೆ, ಬಿಸಿಲಿಗೆ ಹಾಕಿ, ಅಂದೇ ಹಂಚಿ, ಅವರವರ ಡಬ್ಬದಲ್ಲೇ ಇಟ್ಟುಕೊಳ್ಳುತ್ತಾರೆ.